ಅಪ್ಪನ ಕಡೆಯೋ, ಅಮ್ಮನ ಕಡೆಯೋ? ಜನಗಣತಿ ಕೇಳುವ ಪ್ರಶ್ನೆ

ಡಿಸೆಂಬರ್ ಬಂತೆಂದರೆ ಕೋಲ್ಕತ್ತಾದ ಬೋ ಬ್ಯಾರಕ್ಸ್‌ಗೆ ಹೋಗಿ ಕೇಕ್ ತರುವುದು ನಮ್ಮಲ್ಲಿ ಅನೇಕರಿಗೆ ರೂಢಿ. ಹಸಿರು ಕಿಟಕಿಗಳ ಆ ಕೆಂಪು ಕಟ್ಟಡಗಳಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ತಲೆಮಾರುಗಳಿಂದ ವಾಸವಾಗಿವೆ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಕೇಳಿಬಂದ ಒಂದು ಅಂಕಿ ಇವರನ್ನು ಬೆಚ್ಚಿಬೀಳಿಸಿತು. 2011ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಆಂಗ್ಲೋ-ಇಂಡಿಯನ್ನರು ಕೇವಲ 296 ಮಂದಿ ಎಂದು ಅಂದಿನ ಕಾನೂನು ಸಚಿವ ರವಿಶಂಕರ್ ಪ್ರಸಾದ್ ಹೇಳಿದರು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಈ ಸಮುದಾಯಕ್ಕಿದ್ದ ನಾಮಕರಣ ಸ್ಥಾನಗಳು ಮುಂದುವರಿಯಬೇಕೇ ಎಂಬ ಚರ್ಚೆ ಆಗ ನಡೆದಿತ್ತು. 104ನೇ ತಿದ್ದುಪಡಿ ಆ ಸ್ಥಾನಗಳನ್ನು ವಿಸ್ತರಿಸಲಿಲ್ಲ. 2020ರ ಜನವರಿಯಲ್ಲಿ ಅವು ಕೊನೆಗೊಂಡವು.

296! ಕೋಲ್ಕತ್ತಾದಲ್ಲಿರುವ ಯಾರಿಗಾದರೂ ಇದು ನಂಬಲಾಗದ ಲೆಕ್ಕ. ಬೋ ಬ್ಯಾರಕ್ಸ್ ಜೊತೆಗೆ ರಿಪನ್ ಸ್ಟ್ರೀಟ್, ಎಲಿಯಟ್ ರೋಡ್‌ಗಳಲ್ಲಿ ಒಂದು ಸುತ್ತು ಹಾಕಿ ಬಂದರೆ ಸಾಕು, ಅನುಮಾನ ಹುಟ್ಟುತ್ತದೆ. ಹಾಗಾದರೆ ತಪ್ಪಿದ್ದು ಎಲ್ಲಿ? ಎಣಿಸಿದವರಲ್ಲಿ ಅಲ್ಲ, ನಮೂನೆಯಲ್ಲಿ. ಮನೆ ಮನೆಗೆ ಬಂದ 2011ರ ನಮೂನೆಯನ್ನು ನೆನಪಿಸಿಕೊಳ್ಳಿ. 7ನೇ ಪ್ರಶ್ನೆ ಧರ್ಮ, 8ನೆಯದು ಪರಿಶಿಷ್ಟ ಜಾತಿ ಅಥವಾ ಪಂಗಡವೇ ಎಂದು, 10ನೆಯದು ಮಾತೃಭಾಷೆ. ಆಂಗ್ಲೋ-ಇಂಡಿಯನ್ ಹೌದೇ ಅಲ್ಲವೇ ಎಂದು ಕೇಳುವ ಪ್ರಶ್ನೆಯೇ ಅದರಲ್ಲಿರಲಿಲ್ಲ. ಬೋ ಬ್ಯಾರಕ್ಸ್‌ನ ಒಬ್ಬ ಗೃಹಿಣಿ ಪ್ರಾಮಾಣಿಕವಾಗಿ ಉತ್ತರಿಸಿದರೆ ಧರ್ಮ ಕ್ರಿಶ್ಚಿಯನ್, ಮಾತೃಭಾಷೆ ಇಂಗ್ಲಿಷ್ ಎಂದಾಗುತ್ತದೆ. ಅವರ ಮಿಶ್ರ ಮೂಲ ಎಲ್ಲಿಯೂ ದಾಖಲಾಗುವುದಿಲ್ಲ. ಕೇಳದ ಪ್ರಶ್ನೆಗೆ ತಾವಾಗಿಯೇ ಉತ್ತರ ಬರೆಸಿದವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. ಅಂಥ ಅಂಕಿಯನ್ನು ಜನಸಂಖ್ಯೆ ಎಂದು ಓದಿದ್ದು ಆದ ತಪ್ಪು. 1951ರ ಗಣತಿಯಲ್ಲಿ ಇವರನ್ನು ಬೇರೆಯಾಗಿ ಕೇಳಿ ಎಣಿಸಿದ್ದಾಗ ಸಂಖ್ಯೆ ಒಂದು ಲಕ್ಷ ದಾಟಿತ್ತು.

ಬೇರೆ ಪ್ರಶ್ನೆ ಇದ್ದ ಕಾಲದಲ್ಲೂ ಲೆಕ್ಕ ಸರಳವಾಗಿರಲಿಲ್ಲ. ಬ್ರಿಟಿಷರ ಗಣತಿಗಳು ಇವರನ್ನು ಮೊದಲು ‘ಯುರೇಷಿಯನ್’ ಎಂದು ಬರೆಯುತ್ತಿದ್ದವು. 1911ರಲ್ಲಿ ಹೆಸರು ‘ಆಂಗ್ಲೋ-ಇಂಡಿಯನ್’ ಎಂದು ಬದಲಾಯಿತು. ಅಲ್ಲಿಯವರೆಗೆ ಆ ಪದ ಭಾರತದಲ್ಲಿ ನೆಲೆಸಿದ ಬ್ರಿಟಿಷರಿಗೆ ಸಲ್ಲುತ್ತಿತ್ತು. ಬಣ್ಣ ತಿಳಿಯಾಗಿದ್ದವರು ‘ಯುರೋಪಿಯನ್’ ಎಂದು ಬರೆಸುತ್ತಿದ್ದರು, ಕೆಲವು ಭಾರತೀಯ ಕ್ರಿಶ್ಚಿಯನ್ನರು ‘ಆಂಗ್ಲೋ-ಇಂಡಿಯನ್’ ಎಂದು ಬರೆಸುತ್ತಿದ್ದರು. ಒಂದು ಮೆಟ್ಟಿಲು ಮೇಲಿನ ಚೌಕಕ್ಕೆ ನೌಕರಿ, ಸಂಬಳ, ಮರ್ಯಾದೆ ಎಲ್ಲವೂ ಅಂಟಿಕೊಂಡಿದ್ದವು. ಎರಡು ಕಡೆಯವರಾಗಿದ್ದವರು ಒಂದೇ ಕಡೆ ನಿಲ್ಲಬೇಕಾಗಿತ್ತು.

ಮಹಿಳಾ ವೇದಿಕೆಯ ಸೋದರಿಯರ ಗಮನಕ್ಕೆ ತರಬೇಕೆಂದಿರುವ ಸಂಗತಿ ಮುಂದಿನದು. ನಮ್ಮ ಸಂವಿಧಾನದ 366(2)ನೇ ವಿಧಿ ಆಂಗ್ಲೋ-ಇಂಡಿಯನ್ ಎಂದರೆ ಯಾರು ಎಂದು ಹೇಳುತ್ತದೆ. ತಂದೆ, ಅಥವಾ ತಂದೆಯ ಕಡೆಯ ಗಂಡು ಪೂರ್ವಜರಲ್ಲಿ ಒಬ್ಬರು ಯುರೋಪಿನ ಮೂಲದವರಾಗಿರಬೇಕು. ತಾಯಿ ಆಂಗ್ಲೋ-ಇಂಡಿಯನ್, ತಂದೆ ಬಂಗಾಳಿ ಆಗಿದ್ದರೆ ಮಗು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಜ್ಜಿಯ ಅಡುಗೆ, ಅಮ್ಮನ ಭಾಷೆ, ಆಕೆಯ ಹಬ್ಬಗಳಲ್ಲೇ ಬೆಳೆದಿದ್ದರೂ ಕಾನೂನಿನ ಕಣ್ಣಿಗೆ ಅಮ್ಮನ ಕಡೆ ಇಲ್ಲವೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ನಿಯಮ ಅದೇ ಜನಗಣತಿಯ 10ನೇ ಪ್ರಶ್ನೆಯಲ್ಲಿದೆ. ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಂದಿಗೆ ಆಡಿದ ಭಾಷೆ ಎಂದು ಗಣತಿದಾರರ ಕೈಪಿಡಿ ಹೇಳುತ್ತದೆ. ತಾಯಿ ಶೈಶವದಲ್ಲೇ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ನನ್ನ ಮಗಳು ಬಂಗಾಳಿ ಹುಡುಗನನ್ನು ಮದುವೆಯಾಗಿದ್ದಾಳೆ. ಮೊಮ್ಮಗಳು ನನ್ನನ್ನು ‘ಅಜ್ಜಿ’ ಎನ್ನುತ್ತಾಳೆ, ಅತ್ತ ‘ಠಾಕುಮಾ’ ಎಂದು ಕೂಗುತ್ತಾಳೆ, ಎರಡರಲ್ಲೂ ಅವಳಿಗೆ ಸಂಶಯವಿಲ್ಲ. ಮಗಳು ಅವಳೊಂದಿಗೆ ಕನ್ನಡದಲ್ಲೇ ಮಾತಾಡುವುದರಿಂದ ನಿಯಮದಂತೆ ಅವಳು ಕನ್ನಡತಿ. ಅದೇ ಪಕ್ಕದ ಮನೆಯ ಕನ್ನಡ ಹುಡುಗ ಬಂಗಾಳಿ ಹುಡುಗಿಯನ್ನು ಮದುವೆಯಾಗಿದ್ದಾನೆ. ಅವನ ಮಗ ಬಂಗಾಳಿ ಎಂದೇ ಎಣಿಕೆಯಾಗುತ್ತಾನೆ, ಅಪ್ಪ ಎಷ್ಟೇ ಕನ್ನಡ ಕಲಿಸಿದರೂ. 11ನೇ ಪ್ರಶ್ನೆಯಲ್ಲಿ ‘ತಿಳಿದಿರುವ ಇತರ ಭಾಷೆಗಳು’ ಎಂದು ಎರಡಕ್ಕೆ ಜಾಗವಿದೆ. ಆದರೆ ಅದು ಕಲಿತ ಭಾಷೆಯನ್ನು ಕೇಳುತ್ತದೆ, ಮೂಲವನ್ನಲ್ಲ. ಶಾಲೆಯಲ್ಲಿ ಕಲಿತ ಹಿಂದಿಗೂ ಅಪ್ಪನ ಮನೆಮಾತಿಗೂ ಅಲ್ಲಿ ವ್ಯತ್ಯಾಸವಿಲ್ಲ.

ಹೊರದೇಶಗಳು ಈ ಗಂಟನ್ನು ಹೇಗೆ ಬಿಡಿಸಿದವು? ಅಮೆರಿಕದ ಕಥೆ ನೋಡೋಣ. ಅಲ್ಲಿ 1990ರವರೆಗೂ ಜನಾಂಗಕ್ಕೆ ಒಂದೇ ಉತ್ತರ. ಒಂದನ್ನು ಆರಿಸಲಾರೆ ಎಂದವರಿಗೆ ಆ ವರ್ಷದ ಗಣತಿ ತಾಯಿಯ ಜನಾಂಗವನ್ನೇ ಕೊಡುತ್ತಿತ್ತು. ಸೂಸನ್ ಗ್ರಹಾಂ ಎಂಬ ತಾಯಿ ಮುಂತಾದವರು ‘ಬಹುಜನಾಂಗೀಯ’ ಎಂಬ ಹೊಸ ಚೌಕ ಬೇಕೆಂದು ಹೋರಾಡಿದರು. ಕಪ್ಪು ಸಮುದಾಯದ ಸಂಘಟನೆಗಳು ಇದಕ್ಕೆ ಹೆದರಿದವು. ಜನ ಹೊಸ ಚೌಕಕ್ಕೆ ಹೋದರೆ ತಮ್ಮ ಸಂಖ್ಯೆ ಕುಗ್ಗುತ್ತದೆ, ಮತದಾನ ಮತ್ತು ಉದ್ಯೋಗದ ಹಕ್ಕುಗಳಿಗೆ ಪೆಟ್ಟು ಬೀಳುತ್ತದೆ ಎಂಬ ಆತಂಕ ಅವುಗಳದು. 1997ರ ಅಕ್ಟೋಬರ್‌ನಲ್ಲಿ ಸರ್ಕಾರ ನಡುದಾರಿ ಹಿಡಿಯಿತು. ಹೊಸ ಚೌಕ ಬೇಡ, ಇರುವ ಚೌಕಗಳಲ್ಲಿ ಬೇಕಾದಷ್ಟಕ್ಕೆ ಗುರುತು ಹಾಕಿ. 2000ದ ಗಣತಿಯಲ್ಲಿ ಸುಮಾರು 68 ಲಕ್ಷ ಜನ, ಅಂದರೆ 2.4 ಶೇಕಡಾ, ಒಂದಕ್ಕಿಂತ ಹೆಚ್ಚು ಗುರುತು ಹಾಕಿದರು.

ಗುರುತು ಹಾಕುವುದು ಸುಲಭ, ಕೂಡುವುದು ಕಷ್ಟ. ಆರು ಚೌಕಗಳಿದ್ದರೆ ಒಂಟಿ ಮತ್ತು ಜೋಡಣೆಗಳೆಲ್ಲ ಸೇರಿ 63 ಬಗೆಯ ಉತ್ತರ ಬರುತ್ತವೆ. ಒಬ್ಬರನ್ನು ಎರಡು ಕಡೆ ಎಣಿಸಿದರೆ ಮೊತ್ತ ನೂರು ಶೇಕಡಾ ದಾಟುತ್ತದೆ. ಅದಕ್ಕಾಗಿ ‘ಇದು ಮಾತ್ರ’ ಮತ್ತು ‘ಇದು ಮಾತ್ರ ಅಥವಾ ಬೇರೊಂದರ ಜೊತೆ’ ಎಂಬ ಎರಡು ಪಟ್ಟಿಗಳನ್ನು ಪ್ರಕಟಿಸಿದರು. ನಾಗರಿಕ ಹಕ್ಕುಗಳ ಲೆಕ್ಕಕ್ಕೆ ಬಿಳಿಯ ಮತ್ತು ಇನ್ನೊಂದು ಜನಾಂಗ ಎರಡನ್ನೂ ಬರೆದವರನ್ನು ಆ ಇನ್ನೊಂದರಲ್ಲೇ ಸೇರಿಸಬೇಕೆಂದು ನಿಯಮ ಮಾಡಿದರು. 2020ರಲ್ಲಿ ಬಹುಗುರುತಿನವರು 3 ಕೋಟಿ 38 ಲಕ್ಷಕ್ಕೆ ಏರಿದರು. ಅಷ್ಟೂ ಮಿಶ್ರ ವಿವಾಹದ ಫಲವೆಂದು ತಿಳಿಯಬಾರದು. ಬರೆದ ಉತ್ತರಗಳನ್ನು ಹೆಚ್ಚು ವಿವರವಾಗಿ ಓದಿ ವಿಂಗಡಿಸುವ ಹೊಸ ಕ್ರಮವೂ ಅಂಕಿಯನ್ನು ಹಿಗ್ಗಿಸಿತ್ತು. 296ರ ಪಾಠವೂ ಇದೇ: ಅಂಕಿ ನೋಡುವ ಮೊದಲು ಪ್ರಶ್ನೆ ಹೇಗಿತ್ತೆಂದು ನೋಡಬೇಕು.

ನಮ್ಮ ಮುಂದಿನ ಗಣತಿ 2027ರದು. ಅದರಲ್ಲಿ ಎಲ್ಲರ ಜಾತಿಯನ್ನೂ ಕೇಳುವುದಾಗಿ ಸರ್ಕಾರ ಘೋಷಿಸಿದೆ. ಅಂತರ್ಜಾತಿ ವಿವಾಹದ ಮಕ್ಕಳ ಮನೆಗಳಲ್ಲಿ ಅಪ್ಪನ ಕಡೆಯೋ ಅಮ್ಮನ ಕಡೆಯೋ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಜಾತಿಯ ಮಾತು ಬಂದರೆ ನಮ್ಮ ಸಮಾಜ ಸಾಮಾನ್ಯವಾಗಿ ಅಪ್ಪನ ಕಡೆಯನ್ನೇ ಬರೆಯುತ್ತದೆ. ಆದರೆ ಭಾಷೆಯ ಪ್ರಶ್ನೆಯಲ್ಲಿ ಹಾಗಾಗಬಾರದು. ಆ ದಿನ ಉತ್ತರ ಹೇಳುವುದು ಮನೆಯ ಯಜಮಾನರಿರಬಹುದು. ಅವರು ತಮ್ಮ ಭಾಷೆಯನ್ನೇ ಎಲ್ಲರಿಗೂ ಬರೆಸಿಬಿಡುವುದುಂಟು. ಒಂದೇ ಮನೆಯ ಸದಸ್ಯರ ಮಾತೃಭಾಷೆ ಬೇರೆ ಬೇರೆ ಇರಬಹುದು ಎಂದು ಕೈಪಿಡಿಯೇ ಒಪ್ಪುತ್ತದೆ. ಕೋಲ್ಕತ್ತಾದಲ್ಲಿ ಮೊಮ್ಮಕ್ಕಳನ್ನು ಕನ್ನಡದಲ್ಲಿ ಲಾಲಿಸುತ್ತಿರುವ ನಾವು ಅಂದು ಅಡುಗೆಮನೆಯಿಂದ ಹೊರಬಂದು ಗಣತಿದಾರರ ಎದುರು ಕೂರೋಣ. ಮೊಮ್ಮಗಳ ಹೆಸರಿನ ಸಾಲಿಗೆ ಬಂದಾಗ ಅವಳ ಅಮ್ಮ ಉತ್ತರ ಹೇಳಲಿ.