ಹೊಗೆಯ ಲೆಕ್ಕ ಬೇರೆ, ಬಿಸಿಯ ಲೆಕ್ಕ ಬೇರೆ

ಸೌದೆ ಒಲೆ ಸುಧಾರಿಸಲು ಹೊರಟವರೆಲ್ಲ ಎರಡು ವರ ಬೇಡಿದ್ದಾರೆ: ಹೊಗೆ ಕಡಿಮೆಯಾಗಬೇಕು, ಸೌದೆ ಉಳಿಯಬೇಕು. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಸಿಗುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಹಾಗಾಗುವುದಿಲ್ಲ ಎಂದು ಅರಿಯಲು ಸುಮಾರು ನಾಲ್ಕು ದಶಕ ಹಿಡಿಯಿತು. ಈ ತಿಳಿವಳಿಕೆ ಬೆಳೆದದ್ದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲು ದೊಡ್ಡದು.

ಮೊದಲ ಪೀಳಿಗೆಯವರಿಗೆ ಹೊಗೆಯೇ ಶತ್ರು. 1940ರ ದಶಕದಲ್ಲಿ ವಾರ್ಧಾದ ಮಗನವಾಡಿಯಲ್ಲಿ ಮಗನ್ ಒಲೆ ರೂಪುಗೊಂಡಿತು. 1953ರಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಕಿರುಪುಸ್ತಕವನ್ನೇ ಬರೆದರು. ಮಣ್ಣಿನ ಒಲೆ, ಒಂದಾದ ಮೇಲೊಂದು ಪಾತ್ರೆಯ ಬಾಯಿ, ಕೊನೆಯಲ್ಲಿ ಹೊಗೆಕೊಳವೆ, ಇಷ್ಟೇ ಈ ಒಲೆಗಳ ಜೀವಾಳ. ಇಲ್ಲಿ ಹೊಗೆ ಸುಡುವುದಿಲ್ಲ, ಮನೆಯಿಂದ ಆಚೆ ಹೋಗುತ್ತದೆ. ಅಡುಗೆಯವಳ ಕಣ್ಣಿಗೆ ಅದೂ ಸಣ್ಣ ಉಪಕಾರವಲ್ಲ. ಆದರೆ ಕೊಳವೆಯ ಸೆಳೆತ ಹೆಚ್ಚಾದರೆ ಬಿಸಿಯೂ ಅದರ ಜೊತೆಗೇ ಹೊರಟುಬಿಡುತ್ತದೆ.

1970ರ ದಶಕದಲ್ಲಿ ಕಾಡು ಕರಗುವ ಭಯ ಮುಂದೆ ಬಂದು, ಹೊಗೆ ಹಿಂದೆ ಸರಿದು, ಸೌದೆಯ ಉಳಿತಾಯವೇ ಗುರಿಯಾಯಿತು. 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆಯ ಇಂಧನದ ಲೆಕ್ಕ ತೆಗೆದದ್ದೂ ಇದೇ ಗುಂಪು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ: ಮೂರು ಪಾತ್ರೆ ಕೂರುವ, ಸೌದೆ ಹಾಕುವ ಬಾಯಿಗೆ ಮುಚ್ಚಳವಿದ್ದ, ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆಕೊಳವೆ ಇದ್ದ ಮಣ್ಣಿನ ಒಲೆ. ಜಾಲರಿಯ ಕೆಲಸ ಸರಳವಾದರೂ ಮುಖ್ಯ. ಬೂದಿ ಕೆಳಗೆ ಬೀಳುತ್ತದೆ, ಗಾಳಿ ಕೆಂಡದ ನಡುವಿನಿಂದ ಮೇಲೇಳುತ್ತದೆ. ಬಾಯಿ ಮುಚ್ಚಿರುವುದರಿಂದ ಬೇಡದ ತಣ್ಣನೆ ಗಾಳಿ ನುಗ್ಗಿ ಉರಿಯನ್ನು ತಣಿಸುವುದಿಲ್ಲ. ಮೂರು ಗುಂಡಿನ ಒಲೆ ಸೌದೆಯ ಶಾಖದಲ್ಲಿ ಆರು ಏಳರಲ್ಲಿ ಒಂದು ಪಾಲನ್ನು ಪಾತ್ರೆಗೆ ಕೊಟ್ಟರೆ, ಪ್ರಯೋಗಾಲಯದಲ್ಲಿ ಅಸ್ತ್ರ ಒಲೆ ಶೇ 40ರ ಆಸುಪಾಸು ಕೊಟ್ಟಿತು.

ಈ ಶೇಕಡಾ ಲೆಕ್ಕಕ್ಕೆ ನೀರು ಕುದಿಸುವ ಪರೀಕ್ಷೆಯೇ ಆಧಾರ. ಎಲ್ಲ ಕಡೆ ಒಂದೇ ಬಗೆಯ ವಿಧಾನ ಇರಲೆಂದು ವೀಟಾ ಸಂಸ್ಥೆಯ ಹೆಸರಿನಲ್ಲಿ 1985ರಲ್ಲಿ ಅಂತರರಾಷ್ಟ್ರೀಯ ಕ್ರಮವೂ ಬಂತು. ಬೇಕಾದದ್ದು ಗ್ರಾಂ ತೋರಿಸುವ ತಕ್ಕಡಿ, ಉಷ್ಣಮಾಪಕ, ಗಡಿಯಾರ, ಪಾತ್ರೆ, ಒಣ ಸೌದೆ. ಆದರೆ ಎಡವುವ ಜಾಗಗಳು ಹಲವು.

ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. 25 ಡಿಗ್ರಿಯ 5 ಕಿಲೋ ನೀರನ್ನು ಬೆಂಗಳೂರಿನಲ್ಲಿ ಕುದಿಸುತ್ತೇವೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ನೀರು 97 ಡಿಗ್ರಿಗೇ ಕುದಿಯುತ್ತದೆ. 100 ಆಗಲೆಂದು ಕಾದು ಕೂತವರು ಸೌದೆಯನ್ನು ಸುಮ್ಮನೆ ಸುಡುತ್ತಾರೆ. 72 ಡಿಗ್ರಿ ಏರಿಸಲು ಸುಮಾರು 1,507 ಕಿಲೋಜೌಲ್ ಬೇಕು. ಕುದಿ ಬರುವಷ್ಟರಲ್ಲಿ 150 ಗ್ರಾಂ ನೀರು ಆವಿಯಾಗಿದ್ದರೆ, ಅದಕ್ಕೆ 339. ಒಟ್ಟು 1,846 ಕಿಲೋಜೌಲ್ ಪಾತ್ರೆಗೆ ಸೇರಿತು.

ಇನ್ನು ಸೌದೆಯ ಕಡೆ. 720 ಗ್ರಾಂ ಸುಟ್ಟಿದೆ. ಕಿಲೋಗೆ 18,000 ಕಿಲೋಜೌಲ್ ಎಂದು ನೇರವಾಗಿ ಗುಣಿಸಿ ಭಾಗಿಸಿದರೆ ದಕ್ಷತೆ ಶೇ 14.2. ಆದರೆ ಆ ಸೌದೆಯಲ್ಲಿ ಹತ್ತರಲ್ಲೊಂದು ಪಾಲು ತೇವ. ಅಂದರೆ ಸುಟ್ಟ ಮರ 648 ಗ್ರಾಂ ಮಾತ್ರ, ಅದರ ಶಾಖದಲ್ಲೂ ಸ್ವಲ್ಪ ಭಾಗ ಆ 72 ಗ್ರಾಂ ನೀರನ್ನು ಆವಿ ಮಾಡಲು ಖರ್ಚಾಗಿದೆ. ಇದನ್ನು ಕಳೆದರೆ ಲಭ್ಯ ಶಾಖ 11,479, ದಕ್ಷತೆ ಶೇ 16.1. ಇನ್ನೂ ಮುಗಿದಿಲ್ಲ. ಒಲೆಯಲ್ಲಿ 40 ಗ್ರಾಂ ಇದ್ದಿಲು ಉಳಿದಿದೆ. ಇದ್ದಿಲಿನ ಶಾಖ ಸೌದೆಗಿಂತ ಎಷ್ಟೋ ಹೆಚ್ಚು, ಕಿಲೋಗೆ 29,500ರ ಹತ್ತಿರ. ಅದು ಸುಟ್ಟಿಲ್ಲವಾದ್ದರಿಂದ 1,180 ಕಿಲೋಜೌಲ್ ಕಳೆಯಬೇಕು. ಆಗ ದಕ್ಷತೆ ಶೇ 17.9. ಒಲೆ ಅದೇ, ಉರಿ ಅದೇ, ನೀರು ಅದೇ. ಉತ್ತರ ಮಾತ್ರ 14ರಿಂದ 18ಕ್ಕೆ ಹೋಯಿತು. ಶೇಕಡಾ ಸಂಖ್ಯೆ ಹೇಳಿ ವಿಧಾನ ಹೇಳದ ವರದಿಗಳನ್ನು ನಾನು ಅರ್ಧವೇ ನಂಬುತ್ತೇನೆ.

ಇದ್ದಿಲು ತೂಗುವುದೇ ಈ ಪರೀಕ್ಷೆಯ ಕಷ್ಟದ ಗಳಿಗೆ. ನೀರು ಕುದಿದ ಕ್ಷಣವೇ ಕೊಳ್ಳಿಗಳನ್ನು ಹೊರಗೆಳೆದು, ಅವುಗಳ ತುದಿಗೆ ಅಂಟಿದ ಇದ್ದಿಲನ್ನು ತಟ್ಟಿ ಬೀಳಿಸಿ, ಜಾಲರಿಯ ಮೇಲಿನ ಕೆಂಡವನ್ನೂ ಸೇರಿಸಿ ಬೇಗ ತೂಗಬೇಕು. ಒಂದೆರಡು ನಿಮಿಷ ತಡವಾದರೆ ಕೆಂಡ ಬೂದಿಯಾಗುತ್ತದೆ. ನೀರು ಚಿಮುಕಿಸಿ ಆರಿಸಿದರೆ ತೂಕ ಕೆಡುತ್ತದೆ. ಇನ್ನೊಂದು ತೊಡಕು ಒಲೆಯ ಮೈಯದು. ದಪ್ಪ ಮಣ್ಣಿನ ಒಲೆ ತಾನು ಬಿಸಿಯಾಗಲೆಂದೇ ಬಹಳ ಶಾಖ ಕುಡಿಯುತ್ತದೆ. ಅದಕ್ಕಾಗಿಯೇ ತಣ್ಣಗಿದ್ದಾಗ ಒಮ್ಮೆ, ಬಿಸಿಯಿದ್ದಾಗ ಇನ್ನೊಮ್ಮೆ ನೀರು ಕುದಿಸಿ ನೋಡುತ್ತಾರೆ. ಎರಡರ ನಡುವೆ ದೊಡ್ಡ ಅಂತರ ಕಂಡರೆ, ಆ ಒಲೆ ಬೆಳಗಿನ ಒಂದು ಲೋಟ ಕಾಫಿಗೆ ದುಬಾರಿ, ಮದುವೆ ಅಡುಗೆಗೆ ಅಗ್ಗ.

ದೊಡ್ಡ ಮೋಸ ಅಡಗಿರುವುದು ಆವಿಯಲ್ಲಿ. ಅಂತರರಾಷ್ಟ್ರೀಯ ಕ್ರಮದಲ್ಲಿ ಕುದಿದ ಮೇಲೆ ನಿಗದಿತ ಹೊತ್ತು ಸಣ್ಣ ಉರಿಯಲ್ಲಿ ಇಡುವ ಹಂತವಿದೆ, ಅಕ್ಕಿ ಬೇಳೆ ಬೇಯುವಂತೆ. ಒಂದು ಒಲೆ ಉರಿ ತಗ್ಗಿಸಬಲ್ಲದು. ಅದು 300 ಗ್ರಾಂ ಸೌದೆ ತಿಂದು 350 ಗ್ರಾಂ ನೀರನ್ನು ಆವಿ ಮಾಡುತ್ತದೆ ಎನ್ನೋಣ. ಇನ್ನೊಂದಕ್ಕೆ ತಗ್ಗುವುದು ಗೊತ್ತಿಲ್ಲ. ಅದು 700 ಗ್ರಾಂ ತಿಂದು 1,300 ಗ್ರಾಂ ಆವಿ ಮಾಡುತ್ತದೆ. ಸೂತ್ರದ ಪ್ರಕಾರ ಮೊದಲನೆಯದರ ದಕ್ಷತೆ ಶೇ 16, ಎರಡನೆಯದು ಶೇ 26. ಬೇಳೆ ಎರಡರಲ್ಲೂ ಒಂದೇ ಹೊತ್ತಿಗೆ ಬೇಯುತ್ತದೆ, ಸೌದೆ ಮಾತ್ರ ಒಂದರಲ್ಲಿ ಎರಡು ಪಟ್ಟಿಗೂ ಹೆಚ್ಚು. ಭಾರತೀಯ ಮಾನಕ ಐಎಸ್ 13152 ಈ ಹಳ್ಳವನ್ನು ಬಳಸಿಕೊಂಡು ಹೋಗುತ್ತದೆ: ನೀರು 95 ಡಿಗ್ರಿ ಮುಟ್ಟಿದೊಡನೆ ಪಾತ್ರೆ ಇಳಿಸಿ ತಣ್ಣೀರಿನ ಇನ್ನೊಂದು ಪಾತ್ರೆ ಇಡಬೇಕು, ಉರಿ ಆರುವವರೆಗೂ ಹೀಗೇ. ಆವಿಯ ಗೊಡವೆ ಬಹುಪಾಲು ತಪ್ಪುತ್ತದೆ. ಆದರೆ ಉರಿ ತಗ್ಗಿಸುವ ಗುಣ ಇದರಲ್ಲಿ ಕಾಣುವುದೇ ಇಲ್ಲ.

ಈಗ ಹೊಗೆಗೆ ಬರೋಣ. ಗಾಳಿಗೆ ತೆರೆದ ಒಲೆಯಲ್ಲಿ ಕೂಡ ಸೌದೆಯೊಳಗಿನ ಶಕ್ತಿಯ ನೂರರಲ್ಲಿ 90 ಪಾಲಿಗಿಂತ ಹೆಚ್ಚು ಉರಿದು ಶಾಖವಾಗಿಯೇ ಹೊರಬರುತ್ತದೆ. ಕಣ್ಣುರಿಸುವ ಹೊಗೆಯಲ್ಲಿ ಕಳೆದುಹೋಗುವುದು ಉಳಿದ ಆ ಚೂರು. ಶಾಖದ ದೊಡ್ಡ ನಷ್ಟವೆಲ್ಲ ಪಾತ್ರೆಯನ್ನು ಮುಟ್ಟದೆ ಪಕ್ಕದಿಂದ ಹಾರುವ ಬಿಸಿಗಾಳಿಯದು. ಹಾಗಾಗಿ ಪಾತ್ರೆಯನ್ನು ಉರಿಗೆ ಹತ್ತಿರ ಇಳಿಸಿದರೆ ದಕ್ಷತೆ ಏರುತ್ತದೆ. ಆದರೆ ಉರಿ ಇನ್ನೂ ಪೂರ್ತಿ ಸುಡುವ ಮುನ್ನ ತಣ್ಣನೆ ತಳಕ್ಕೆ ಬಡಿದು ಆರುತ್ತದೆ, ಮಸಿ ಕಟ್ಟುತ್ತದೆ, ಹೊಗೆ ಹೆಚ್ಚುತ್ತದೆ. ದಕ್ಷತೆಯ ಸಂಖ್ಯೆಗೆ ಇದರ ಸುಳಿವೇ ಇಲ್ಲ. 1983ರಲ್ಲಿ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನೇ ಅಳೆದು ಪ್ರಕಟಿಸಿದ ಮೇಲೆ, ಹೊಗೆಗೂ ತನ್ನದೇ ಅಳತೆ ಬೇಕು ಎಂಬುದು ಮನದಟ್ಟಾಯಿತು. ಅದೇ ಹೊತ್ತಿಗೆ ಶುರುವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ಮಾತ್ರ 2002ರವರೆಗೂ ಒಲೆಗಳ ಎಣಿಕೆಯಲ್ಲೇ ಮುಳುಗಿತ್ತು.

ಹೊಗೆ ಎಂದರೆ ಉರಿಯದ ಅನಿಲ. ಬಿಸಿ ತಗುಲಿದ ಸೌದೆಯ ತೂಕದಲ್ಲಿ ಮುಕ್ಕಾಲು ಭಾಗ ಅನಿಲವಾಗಿ ಏಳುತ್ತದೆ, ಉಳಿದದ್ದು ಇದ್ದಿಲು. ಆ ಅನಿಲ ಸುಡಲು ಹೆಚ್ಚಿನ ಬಿಸಿ, ಗಾಳಿಯೊಡನೆ ಚೆನ್ನಾದ ಬೆರಕೆ, ತುಸು ಸಮಯ ಬೇಕು. 1980ರ ದಶಕದಲ್ಲಿ ಅಮೆರಿಕದ ಲ್ಯಾರಿ ವಿನಿಯಾರ್ಸ್ಕಿ ರೂಪಿಸಿದ ರಾಕೆಟ್ ಒಲೆ ಇದಕ್ಕೆ ಮೊಣಕೈಯಂತೆ ಬಾಗಿದ ಕೊಳವೆ ಕೊಟ್ಟಿತು. ಸೌದೆಯ ತುದಿ ಮಾತ್ರ ಒಳಗೆ, ಗಾಳಿ ಅದರ ಕೆಳಗಿನಿಂದ, ಸುತ್ತ ಬೂದಿಯಂಥ ಹಗುರ ವಸ್ತುವಿನ ಹೊದಿಕೆ, ಪಾತ್ರೆ ಮುಟ್ಟುವ ಮೊದಲು ಉರಿಗೆ ಏರಲು ಒಂದಿಷ್ಟು ಎತ್ತರ. ಬೆಂಗಳೂರಿನಲ್ಲಿ ಎಚ್. ಎಸ್. ಮುಕುಂದ ಅವರ ಗುಂಪು ರಾಕೆಟ್ ಮತ್ತು ಜೆಟ್ ದಹನದ ವಿದ್ಯೆಯನ್ನು ಒಲೆಗೆ ತಂದಿತು. ಅವರ ‘ಸ್ವಸ್ತೀ’ ಒಂಟಿ ಪಾತ್ರೆಯ ಒಲೆ 1980ರ ದಶಕದ್ದು. ಮುಂದೆ 2000ದ ದಶಕದಲ್ಲಿ ‘ಊರ್ಜಾ’ ಬಂತು. ಇದರಲ್ಲಿ ಕೃಷಿ ತ್ಯಾಜ್ಯ ಒತ್ತಿದ ಗುಳಿಗೆಗಳನ್ನು ತುಂಬಿ ಮೇಲಿನಿಂದ ಹೊತ್ತಿಸುತ್ತಾರೆ. ಉರಿ ನಿಧಾನ ಕೆಳಗಿಳಿಯುತ್ತ ಅನಿಲ ಬಿಡುತ್ತದೆ, ಪುಟ್ಟ ಫ್ಯಾನು ಮೇಲಿನ ತೂತುಗಳಿಂದ ಎರಡನೇ ಗಾಳಿ ಊದಿ ಆ ಅನಿಲವನ್ನು ಅಲ್ಲೇ ಸುಡುತ್ತದೆ. ಊದುಗೊಳವೆಯ ಕೆಲಸವನ್ನೇ ಬೇರೆ ಜಾಗದಲ್ಲಿ, ಬಿಡುವಿಲ್ಲದೆ ಮಾಡಿದ ಹಾಗೆ. ಹೊಗೆ ನಿಜವಾಗಿ ತಗ್ಗಿದ್ದು ಇಲ್ಲಿ. 2013ರ ಭಾರತೀಯ ಮಾನಕ ಫ್ಯಾನಿಲ್ಲದ ಒಲೆಗೆ ಶೇ 25, ಫ್ಯಾನಿನದಕ್ಕೆ ಶೇ 35 ದಕ್ಷತೆ ಕೇಳುತ್ತದೆ, ಜೊತೆಗೆ ಪಾತ್ರೆಗೆ ಸೇರಿದ ಪ್ರತಿ ಮೆಗಾಜೌಲಿಗೆ ಕಣಗಳು 350 ಮತ್ತು 150 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಎರಡು ಲೆಕ್ಕ ಒಂದೇ ಕಾಗದದಲ್ಲಿ ಕೂತದ್ದು ಹೀಗೆ.

ಊರ್ಜಾ ಸೊರಗಿದ್ದು ದಹನದ ದೋಷದಿಂದಲ್ಲ. ಗುಳಿಗೆಗೆ ಬೇಕಾದ ಕೃಷಿ ತ್ಯಾಜ್ಯ ತುಟ್ಟಿಯಾಯಿತು, ಗುಳಿಗೆ ಸಿಗದ ಒಲೆ ಮೂಲೆ ಸೇರಿತು. ಮಣ್ಣಿನ ಒಲೆಗಳ ಕಥೆ ಇನ್ನೊಂದು. ಒಡಿಶಾದಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ವರ್ಷಗಟ್ಟಲೆ ನಡೆಸಿದ ಅಧ್ಯಯನದಲ್ಲಿ ಹೊಗೆ ಮೊದಲ ವರ್ಷ ತಗ್ಗಿದಂತೆ ಕಂಡು ಆಮೇಲೆ ಆ ಲಾಭ ಕರಗಿಹೋಯಿತು. ಜನ ಒಲೆಯನ್ನು ಸರಿಯಾಗಿ ಬಳಸಲಿಲ್ಲ, ದುರಸ್ತಿ ಮಾಡಲಿಲ್ಲ, ಬಳಕೆಯೇ ಇಳಿಯಿತು.

ಇದನ್ನು ಜನರ ಅಸಡ್ಡೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮುದ್ದೆ ತೊಳಸುವಾಗ ಪಾತ್ರೆ ಅಲುಗದಂತೆ ಕೋಲಿನಿಂದ ಒತ್ತಿ ತಿರುವಬೇಕು. ತಗಡಿನ ಹಗುರ ಒಲೆ ಅದಕ್ಕೆ ತಾಳದು. ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಕೆಂಡಕ್ಕೆ ಒರಗಿಸಿ ಉಬ್ಬಿಸುವವರಿಗೆ, ಕೆಂಡವೇ ಕೈಗೆ ಸಿಗದ ಮುಚ್ಚಿದ ಒಲೆಯಿಂದ ಏನು ಉಪಯೋಗ? ಪ್ರಯೋಗಾಲಯದಲ್ಲಿ ಹೆಬ್ಬೆರಳು ಗಾತ್ರದ ಒಣ ಸರ್ವೆ ತುಂಡು, ಹಳ್ಳಿಯಲ್ಲಿ ತೊಗರಿ ಕಟ್ಟಿಗೆ, ತೆಂಗಿನ ಗರಿ, ಹಸಿ ಕೊಂಬೆ. ಕಿರಿದಾದ ಬಾಯಿಗೆ ಕೊರಡು ಹಿಡಿಸದಿದ್ದಾಗ ಕೊಡಲಿ ಹುಡುಕುವುದಕ್ಕಿಂತ ಬಾಯನ್ನೇ ಒಡೆದು ಅಗಲಿಸುವುದು ಸುಲಭ. ಅಲ್ಲಿಗೆ ಗಾಳಿಯ ಲೆಕ್ಕವೆಲ್ಲ ತಲೆಕೆಳಗು. ನೀರು ಕುದಿಸುವ ಪರೀಕ್ಷೆ ಇದ್ಯಾವುದನ್ನೂ ತೋರಿಸುವುದಿಲ್ಲ, ತೋರಿಸಬೇಕೆಂದು ಅದನ್ನು ಮಾಡಿದ್ದೂ ಅಲ್ಲ. ಎರಡು ವಿನ್ಯಾಸಗಳನ್ನು ಒಂದೇ ಕೋಣೆಯಲ್ಲಿ ಹೋಲಿಸಲು ಅದು ಸಾಕು. ಮನೆಯಲ್ಲಿ ಎಷ್ಟು ಸೌದೆ ಉಳಿಯಿತು ಎಂದು ತಿಳಿಯಲು ಆ ಮನೆಯ ಸೌದೆರಾಶಿಯನ್ನೇ ದಿನಾ ತೂಗಬೇಕು.

ಈಗ ಅಡುಗೆಗೆ ಗ್ಯಾಸ್ ಬಂದಿರುವ ನಮ್ಮ ಎಷ್ಟೋ ಮನೆಗಳಲ್ಲಿ ಸೌದೆ ಉಳಿದಿರುವುದು ಬಚ್ಚಲ ಹಂಡೆಯ ಕೆಳಗೆ. ಅಲ್ಲಿ ನೀರು ಕಾಯಿಸುವುದೇ ಕೆಲಸ, ಹಾಗಾಗಿ ಪರೀಕ್ಷೆ ಮತ್ತು ಬಳಕೆ ಒಂದೇ ಆಗುತ್ತವೆ. ಸೂತ್ರದಲ್ಲಿ ಮಾತ್ರ ಒಂದು ತಿದ್ದುಪಡಿ ಬೇಕು: ಸ್ನಾನಕ್ಕೆ ಆವಿ ಬೇಡ, ಅದರ ಪದವನ್ನು ತೆಗೆದುಹಾಕಿ, ನೀರು 60 ಡಿಗ್ರಿ ಮುಟ್ಟಿದಾಗ ಗಡಿಯಾರ ನಿಲ್ಲಿಸಿ ಸೌದೆ ತೂಗಿದರೆ ಆಯಿತು.