ಮಾತಾಡುವ ಅವತಾರ: ತುಣುಕು ಸರಣಿಯ ಬರವಣಿಗೆ

ನಿಶ್ಚಲ ಚಿತ್ರಕ್ಕೋ ಕೃತಕ ಪಾತ್ರಕ್ಕೋ ಧ್ವನಿ ಕೂಡಿಸಿ, ಆ ಧ್ವನಿಗೆ ಸರಿಯಾಗಿ ತುಟಿ ಆಡುವಂತೆ ಮಾಡಿದ ವಿಡಿಯೋಗೆ ಮಾತಾಡುವ ಅವತಾರವೆಂದು ಹೆಸರು. ಹೈದರಾಬಾದಿನ ಐಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ‘ವೇವ್‌ಟುಲಿಪ್’ ಈ ಕ್ಷೇತ್ರದ ಹೆಸರಾಂತ ತಂತ್ರ. ಕನ್ನಡದ ಪವರ್ ಟಿವಿ 2023ರಲ್ಲಿ ‘ಸೌಂದರ್ಯಾ’ ಎಂಬ ಕೃತಕ ವಾರ್ತಾವಾಚಕಿಯನ್ನು ತೆರೆಗೆ ತಂದಿತು.

ಇಂಥ ವಿಡಿಯೋ ತಯಾರಿಸುವ ಹಲವು ಸಾಧನಗಳಲ್ಲಿ ಒಂದು ತುಣುಕು ಇಷ್ಟೇ ಉದ್ದವಿರಬೇಕೆಂಬ ಮಿತಿಯಿದೆ. 2025ರಲ್ಲಿ ಬಂದ ಗೂಗಲ್‌ನ ವಿಯೋ 3ರಲ್ಲಿ ಒಂದು ತುಣುಕು ಹೆಚ್ಚೆಂದರೆ 8 ಸೆಕೆಂಡು. ಹಾಗಾಗಿ ದೀರ್ಘ ಮಾತನ್ನು ಮೊದಲೇ ತುಂಡುಗಳಾಗಿ ಬರೆದುಕೊಳ್ಳಬೇಕಾಗುತ್ತದೆ.

ಒಂದು ತುಣುಕಿಗೆ ಎಷ್ಟು ಮಾತು ಹಿಡಿಸುತ್ತದೆಂದು ತಿಳಿಯಲು ಕನ್ನಡದಲ್ಲಿ ಪದಗಳನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ‘ತೆಗೆದುಕೊಳ್ಳಿ’ಯೂ ಒಂದೇ ಪದ, ‘ಕೈ’ಯೂ ಒಂದೇ ಪದ. ಅಕ್ಷರ ಎಣಿಸುವುದು ಮೇಲು. ನಿಧಾನವಾಗಿ, ಸ್ಪಷ್ಟವಾಗಿ ಓದುವಾಗ ಸೆಕೆಂಡಿಗೆ ಸುಮಾರು 5 ಅಕ್ಷರವೆಂದು ಹಿಡಿದು, ಆರಂಭ ಮತ್ತು ಕೊನೆಯಲ್ಲಿ ಅರ್ಧರ್ಧ ಸೆಕೆಂಡು ಮೌನ ಬಿಟ್ಟರೆ, 8 ಸೆಕೆಂಡಿಗೆ 35 ಅಕ್ಷರ ಸಿಗುತ್ತವೆ.

ಭೇದಿಯಾದ ಮಗುವಿಗೆ ಮನೆಯಲ್ಲೇ ಮಾಡುವ ಸಕ್ಕರೆ-ಉಪ್ಪಿನ ನೀರಿನ ಸೂಚನೆಯನ್ನು ಉದಾಹರಣೆಗೆ ನೋಡಬಹುದು. ನೀರಿನ ಅಳತೆಯಿಂದ ಕುಡಿಸುವವರೆಗಿನ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಬರೆದರೆ 50 ಅಕ್ಷರ ಮುಟ್ಟುತ್ತದೆ. ಸಾಧನವು ಮಾತನ್ನು ಓಡಿಸುತ್ತದೆ, ಇಲ್ಲವೇ ಕೊನೆಯನ್ನು ಕತ್ತರಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಏನು ಮಾಡಬೇಕೆಂಬ ಮಾತೇ ಕಳೆದುಹೋಗುತ್ತದೆ. ಅದನ್ನು ಹೀಗೆ ಒಡೆಯಬಹುದು:

1. “ಮೊದಲು ಕೈ ತೊಳೆದು, ಒಂದು ಲೀಟರು ಕುದಿಸಿ ಆರಿಸಿದ ನೀರು ತೆಗೆದುಕೊಳ್ಳಿ.” (26 ಅಕ್ಷರ)
2. “ಆ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ.” (26)
3. “ಮಗುವಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ.” (30)

ಪ್ರತಿ ತುಣುಕೂ ಪೂರ್ಣ ವಾಕ್ಯದಲ್ಲಿ ಮುಗಿಯುವುದರಿಂದ ದನಿ ಸಹಜವಾಗಿ ಇಳಿಯುತ್ತದೆ, ಜೋಡಣೆ ಕಿವಿಗೆ ಕುಕ್ಕುವುದಿಲ್ಲ. ಧ್ವನಿಯಂತ್ರ ತಪ್ಪಾಗಿ ಓದದಿರಲೆಂದು ಸಂಖ್ಯೆಗಳನ್ನು ಅಕ್ಷರದಲ್ಲೇ ಬರೆಯುತ್ತಾರೆ.

ಕೈಸನ್ನೆ ತುಣುಕಿಗೊಂದು ಸಾಕು. ಮನುಷ್ಯರ ಮಾತಿನಲ್ಲಿ ಕೈಯ ಮುಖ್ಯ ಚಲನೆ ಒತ್ತು ಬೀಳುವ ಪದದ ಜೊತೆಗೋ ಅದಕ್ಕಿಂತ ತುಸು ಮೊದಲೋ ಬರುತ್ತದೆ. ಎರಡನೆಯ ತುಣುಕಿನಲ್ಲಿ ‘ಅರ್ಧ’ ಎನ್ನುವಾಗ ಹೆಬ್ಬೆರಳು, ತೋರುಬೆರಳು ಹತ್ತಿರ ಬರಬೇಕು. ಆದ್ದರಿಂದ ಸಕ್ಕರೆಯ ಮಾತು ಮುಗಿಯುತ್ತಿದ್ದಂತೆ ಕೈ ಮೇಲೇಳಬೇಕೆಂದು ಸಾಧನಕ್ಕೆ ಕೊಡುವ ಸೂಚನೆಯಲ್ಲಿ ಬರೆಯಬೇಕು. ‘ಆರು’ ಎಂದು ಬೆರಳೆಣಿಸಿ ತೋರಿಸುವುದು ಬೇಡ: ಬೆರಳುಗಳ ಚಿತ್ರಣದಲ್ಲಿ ಈ ಸಾಧನಗಳು ಸುಲಭವಾಗಿ ಎಡವುತ್ತವೆ, ಐದೋ ಏಳೋ ಕಂಡರೆ ಅಳತೆಯೇ ತಪ್ಪುತ್ತದೆ. ತುಣುಕಿನ ಕೊನೆಗೆ ಕೈ ವಿಶ್ರಾಂತಿಗೆ ಮರಳಿದರೆ ಮುಂದಿನದರ ಆರಂಭಕ್ಕೆ ಹೊಂದುತ್ತದೆ.

ಪ, ಬ, ಮ ಅಕ್ಷರಗಳಿಗೆ ತುಟಿ ಪೂರ್ತಿ ಮುಚ್ಚಲೇಬೇಕು. ಆದ್ದರಿಂದ ಪರೀಕ್ಷೆಗೆ ‘ಉಪ್ಪು’, ‘ಚಮಚ’ ಪದಗಳಲ್ಲಿ ವಿಡಿಯೋವನ್ನು ನಿಧಾನಗೊಳಿಸಿ ನೋಡುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿಯಂತೆ, ಧ್ವನಿ ದೃಶ್ಯಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ನೋಡುಗರ ಗಮನಕ್ಕೆ ಬರುತ್ತದೆ. ಹಿಂದಾದರೆ ಸುಮಾರು 125ರವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಜೋಡಿಸುವಾಗ ಧ್ವನಿ ಮುಂದೆ ಓಡದಂತೆ ನೋಡಿಕೊಳ್ಳುವುದು ಮೊದಲ ಕೆಲಸ.