ದೋಸೆ ಹಂಚಿನ ಕೆಳಗೆ ಸೌದೆ, ಇದ್ದಲು, ಬ್ರಿಕೆಟ್: ನೀರು ಕಾಯಿಸುವ ಪರೀಕ್ಷೆಯ ಮಿತಿ

ಘನ ಇಂಧನಗಳ ಹೋಲಿಕೆಯಲ್ಲಿ ಕೆಲವು ಸಂಗತಿಗಳ ಬಗ್ಗೆ ಈಗ ತಕರಾರಿಲ್ಲ. ಗಾಳಿಯಲ್ಲಿ ಒಣಗಿದ ಸೌದೆಯ ಪ್ರತಿ ಕಿಲೋದಲ್ಲಿ ಸುಮಾರು 15 ಮೆಗಾಜೂಲ್, ಗಟ್ಟಿ ಬ್ರಿಕೆಟ್‌ನಲ್ಲಿ 17, ಇದ್ದಲಿನಲ್ಲಿ 28ರಷ್ಟು ಶಾಖವಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ಒಲೆಯಿಂದ ಹಿಡಿದು ಇಂದಿನ ಸುಧಾರಿತ ಒಲೆಗಳವರೆಗೆ, ಇಂಧನದ ಜೊತೆಗೆ ಒಲೆಯನ್ನೂ ನೋಡದೆ ತೀರ್ಮಾನ ಕೊಡಲಾಗದು ಎಂಬುದೂ ಸಿದ್ಧವಾಗಿದೆ. ನನ್ನ ಭಿನ್ನಾಭಿಪ್ರಾಯವಿರುವುದು ಅಳತೆಯ ವಿಧಾನದಲ್ಲಿ. 1985ರ ವಿಟಾ ಮಾನಕವಾಗಲಿ, ನಮ್ಮ ಐಎಸ್ 13152 ಆಗಲಿ ಒಲೆಯ ದಕ್ಷತೆಯನ್ನು ಪಾತ್ರೆಯ ನೀರಿನಿಂದ ಅಳೆಯುತ್ತವೆ. ಇಡ್ಲಿ, ಅನ್ನ, ಸಾಂಬಾರಿಗೆ ಅದು ಸರಿ. ದಾವಣಗೆರೆಯ ಬೆಣ್ಣೆ ದೋಸೆಯಂಥ ಹಂಚಿನ ಅಡುಗೆಗೆ ಅದೇ ಅಂಕಿಯನ್ನು ಹೊಂದಿಸುವುದು ಸರಿಯೆ?

ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ದೋಸೆ ಹಂಚು 200ರ ಆಸುಪಾಸಿನಲ್ಲಿರಬೇಕು. ದೊಡ್ಡ ಬಾಯಿಯ ಸೌದೆ ಒಲೆಗೆ ಬೇಡದ ಗಾಳಿ ನುಗ್ಗಿ, ಹಂಚಿನಡಿಯ ಅನಿಲ 500 ಡಿಗ್ರಿಗೆ ತಣಿದಿದೆ ಎಂದುಕೊಳ್ಳೋಣ. ಪಾತ್ರೆಯಡಿ ಅದು ಹೆಚ್ಚೆಂದರೆ 400 ಡಿಗ್ರಿಯಷ್ಟು ಶಾಖ ಬಿಟ್ಟುಕೊಡಬಹುದು; ಹಂಚಿನಡಿ 300 ಮಾತ್ರ. ಕಾಲುಭಾಗ ಅಲ್ಲಿಯೇ ಕಡಿಮೆಯಾಯಿತು. ಇದ್ದಲಿನ ಕೆಂಡ ಹೀಗಲ್ಲ. ಸುಮಾರು 850 ಡಿಗ್ರಿಯ ಕೆಂಡ ಬಹುಪಾಲು ಶಾಖವನ್ನು ವಿಕಿರಣದಿಂದ ಕೊಡುತ್ತದೆ. ವಿಕಿರಣ ನಿರಪೇಕ್ಷ ಉಷ್ಣತೆಯ ನಾಲ್ಕನೇ ಘಾತವನ್ನು ಅನುಸರಿಸುವುದರಿಂದ, ನೀರಿನ ಪಾತ್ರೆಯ ಬದಲು ಬಿಸಿ ಹಂಚಿಟ್ಟರೆ ಆಗುವ ನಷ್ಟ ಶೇ. 2ರಷ್ಟು. ಹಾಗಾಗಿ ನೀರಿನ ಪರೀಕ್ಷೆ ಹಂಚಿನ ವಿಷಯದಲ್ಲಿ ಇದ್ದಲಿನ ಯೋಗ್ಯತೆಯನ್ನು ಕಡಿಮೆ ತೋರಿಸುತ್ತದೆ ಎಂಬುದು ನನ್ನ ವಾದ.

ಈ ವಾದಕ್ಕೆ ಷರತ್ತುಗಳಿವೆ. ಕೆಂಡ ಹಂಚಿಗೆ ಹತ್ತಿರವಿರಬೇಕು. ಮೇಲೆ ಬೂದಿ ಕಟ್ಟಿದಂತೆ ವಿಕಿರಣ ಕುಗ್ಗುತ್ತದೆ. ಗಾಳಿಯನ್ನು ಹದ್ದುಬಸ್ತಿನಲ್ಲಿಟ್ಟ ಸೌದೆ ಒಲೆಯ ಅನಿಲ 900 ಡಿಗ್ರಿಯಲ್ಲಿದ್ದರೆ ಕಾಲುಭಾಗದ ಅಂತರ ಎಂಟನೇ ಒಂದಕ್ಕೆ ಇಳಿಯುತ್ತದೆ. ಇನ್ನೊಂದು ತೊಡಕು ಭಟ್ಟರ ಕೈಯಲ್ಲಿದೆ. ಹಂಚಿಗೆ ನೀರು ಚಿಮುಕಿಸಿ, ಅದು ಚುರ್ರೆಂದು ತಟ್ಟನೆ ಹಾರಿಹೋದರೆ ಅವರು ಸೌದೆಯನ್ನು ಗೇಣುದ್ದ ಹೊರಗೆಳೆಯುತ್ತಾರೆ, ಉರಿ ಇಳಿಯುತ್ತದೆ. ಕೆಂಡವನ್ನು ಹಾಗೆ ಎಳೆಯಲಾಗದು, ತುಂಡು ಬ್ರಿಕೆಟನ್ನೂ ಅಷ್ಟೆ. ಗಿರಾಕಿಯಿಲ್ಲದ ಮಧ್ಯಾಹ್ನ ಇದ್ದಲು ಸುಮ್ಮನೆ ಉರಿದು ದಕ್ಷತೆಯ ಲಾಭವನ್ನು ತಿಂದುಹಾಕಬಹುದು. (ಸೌದೆಯ ಹೊಗೆಯಿಂದಲೇ ದೋಸೆಗೆ ರುಚಿ ಎಂಬ ಮಾತಿದೆ. ಹೊಗೆ ಹಂಚಿನ ಕೆಳಗಿರುವಾಗ ರುಚಿಯಲ್ಲಿ ಅದರ ಪಾಲೆಷ್ಟೋ, ನನಗೆ ಅನುಮಾನ.)

ಖರ್ಚಿಗೆ ಬರೋಣ. ಲೆಕ್ಕಕ್ಕಾಗಿ ಕಿಲೋಗೆ ಸೌದೆ 7, ಬ್ರಿಕೆಟ್ 9, ಇದ್ದಲು 35 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಮೆಗಾಜೂಲಿಗೆ ಕ್ರಮವಾಗಿ 47, 53, 125 ಪೈಸೆ. ಸೌದೆಗೆ ಸರಿಗಟ್ಟಲು ಇದ್ದಲು ಸುಮಾರು 2.7 ಪಟ್ಟು ದಕ್ಷವಾಗಿರಬೇಕು. ಸೌದೆ ಒಲೆ ಶೇ. 12ರಷ್ಟು ಶಾಖ ಹಂಚಿಗೆ ಮುಟ್ಟಿಸಿದರೆ, ಇದ್ದಲಿನದು ಶೇ. 32 ಮುಟ್ಟಿಸಬೇಕು. ವಿಕಿರಣದ ಅನುಕೂಲ ಅಷ್ಟನ್ನು ತುಂಬಿಕೊಡಲಾರದು. ಆದರೆ ಮಳೆಗಾಲದ ಸೌದೆಯಲ್ಲಿ ಶೇ. 40 ನೀರಿದ್ದರೆ ಕಿಲೋಗೆ ದಕ್ಕುವುದು 10 ಮೆಗಾಜೂಲ್. ಬೆಲೆ 70 ಪೈಸೆಗೆ ಏರಿ, ಇದ್ದಲಿಗೆ 1.8 ಪಟ್ಟು ದಕ್ಷತೆ ಸಾಕಾಗುತ್ತದೆ. ಆಗಲೂ ನಿಜವಾಗಿ ಗೆಲ್ಲುವುದು ಬ್ರಿಕೆಟ್. ನೀರು ಹೆಚ್ಚಿದ್ದರೆ ಅದು ಅಚ್ಚಿನಲ್ಲಿ ನಿಲ್ಲುವುದೇ ಇಲ್ಲವಾದ್ದರಿಂದ ತೂಕದ ಹೆಸರಲ್ಲಿ ನೀರಿಗೆ ದುಡ್ಡು ತೆರುವುದು ತಪ್ಪುತ್ತದೆ. ಕೊಂಡ ಮೇಲೆ ನೆನೆಯಲು ಬಿಟ್ಟರೆ ಉಬ್ಬಿ ಪುಡಿಯಾಗುತ್ತದೆ.

ಹೊಗೆಯ ವಿಷಯದಲ್ಲಿ ಬ್ರಿಕೆಟ್ ಹೊಗೆರಹಿತ ಎಂಬ ಮಾರಾಟಗಾರರ ಮಾತನ್ನು ಒಪ್ಪಲಾಗದು. ಅದರಲ್ಲೂ ಸೌದೆಯಷ್ಟೇ ಆವಿಯಾಗುವ ಅಂಶವಿದೆ. ಕೆಳಗೆ ಜಾಲರಿಯಿಲ್ಲದೆ ನೆಲದ ಮೇಲೆ ಒಟ್ಟಿದರೆ ಹಸಿ ಸೌದೆಯಂತೆಯೇ ಹೊಗೆಯಾಡುತ್ತದೆ. ಭತ್ತದ ಹೊಟ್ಟಿನ ಬ್ರಿಕೆಟ್‌ನಲ್ಲಿ ಐದನೇ ಒಂದರಷ್ಟು ಬೂದಿಯೇ ಉಳಿದು ಜಾಲರಿಯ ಸಂದು ಮುಚ್ಚುತ್ತದೆ. ಮರದ ಹೊಟ್ಟು, ಶೇಂಗಾ ಸಿಪ್ಪೆಯ ಬ್ರಿಕೆಟ್‌ಗಳಲ್ಲಿ ಈ ಕಾಟ ಕಡಿಮೆ. ಇದ್ದಲಿನ ಹೊಗೆ ಕಣ್ಣಿಗೆ ಕಾಣದು, ಆದರೆ ಕಾರ್ಬನ್ ಮಾನಾಕ್ಸೈಡ್ ಇದೆ. ಷಟರ್ ಎಳೆದು ಒಳಗೆ ಮಲಗುವ ಹುಡುಗರಿಗೆ ಆರದ ಇದ್ದಲು ಒಲೆ ಪ್ರಾಣಕ್ಕೇ ಅಪಾಯ. ಅಲ್ಲದೆ ಹೋಟೆಲಿನಲ್ಲಿ ಕಾಣದ ಹೊಗೆ ಇದ್ದಲು ಗೂಡಿನಲ್ಲಿ ಆಗಲೇ ಎದ್ದಿರುತ್ತದೆ. ಐದು ಕಿಲೋ ಬಳ್ಳಾರಿ ಜಾಲಿ ಸುಟ್ಟು ಒಂದು ಕಿಲೋ ಇದ್ದಲು ಬಂದರೆ, 75 ಮೆಗಾಜೂಲಿನಲ್ಲಿ ಉಳಿಯುವುದು 28.

ಒಟ್ಟಾರೆ, ಹಂಚಿನ ಮೇಲಿನ ಅಳತೆ ಇದ್ದಲಿನ ಸ್ಥಾನವನ್ನು ತುಸು ಮೇಲೇರಿಸುತ್ತದೆಯೇ ಹೊರತು ಖರ್ಚಿನಲ್ಲಿ ಗೆಲ್ಲಿಸುವುದಿಲ್ಲ. ಮೇಲಿನ ಲೆಕ್ಕವೆಲ್ಲ ಹಂಚು ಒಂದೇ ಬಿಸಿಯಲ್ಲಿದೆ ಎಂಬ ಊಹೆಯ ಮೇಲೆ ನಿಂತಿದೆ. ಪ್ರತಿ ದೋಸೆಗೂ ತಣ್ಣನೆಯ ಹಿಟ್ಟು ಬಿದ್ದು ಹಂಚು ಇಳಿದೇರುವಾಗ, ಬೇಗ ಚೇತರಿಸಿಕೊಡುವುದು ಜ್ವಾಲೆಯೋ ಕೆಂಡವೋ ಎಂಬುದನ್ನು ದಪ್ಪ, ತೆಳು ಹಂಚುಗಳ ಮೇಲೆ ಬೇರೆಬೇರೆಯಾಗಿ ಅಳೆದೇ ತೀರ್ಮಾನಿಸಬೇಕು.